ನಿನ್ನೆ ಓಡಿದ ಕಾರ್ಟ್ರಿಜ್ ಇವತ್ತು ಯಾಕೆ ಬೇಡವಾಯ್ತು? ಪ್ರಿಂಟರ್ ಅಪ್‌ಡೇಟ್ ಒಳಗೆ ನಡೆಯುವುದೇನು

ನಮ್ಮ ಬೀದಿ ಕೊನೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಆಧಾರ್ ಪ್ರಿಂಟು, ಪಹಣಿ, ಹಾಲ್ ಟಿಕೆಟು, ಮಕ್ಕಳ ಪ್ರಾಜೆಕ್ಟಿನ ಕಲರ್ ಶೀಟು, ಎಲ್ಲ ಅಲ್ಲೇ. ಒಂದು ಬೆಳಿಗ್ಗೆ ಹೋದರೆ ಅಂಗಡಿಯವರು ಪ್ರಿಂಟರ್ ಮುಚ್ಚಳ ತೆಗೆದು ಕೂತಿದ್ದರು. ಕಾರ್ಟ್ರಿಜ್ ತೆಗೆಯುವುದು, ಬಟ್ಟೆಯಲ್ಲಿ ಒರೆಸುವುದು, ಮತ್ತೆ ಹಾಕುವುದು. ಪ್ರತಿ ಸಲವೂ ಅದೇ ಮೆಸೇಜು: ಕಾರ್ಟ್ರಿಜ್ ಸರಿಯಿಲ್ಲ, ಬದಲಾಯಿಸಿ.

"ರಾತ್ರಿ ಒಂಬತ್ತರವರೆಗೂ ಚೆನ್ನಾಗಿ ಓಡಿದೆ ಸಾರ್. ಬೆಳಿಗ್ಗೆ ಆನ್ ಮಾಡಿದ್ರೆ ಹಿಂಗೆ. ನಾಲ್ಕು ಕಲರ್ರೂ ಒಂದೇ ರಾತ್ರೀಲಿ ಕೆಡುತ್ತಾ?"

ಈ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ನಾಲ್ಕೂ ಒಟ್ಟಿಗೆ ಕೆಡುವುದಿಲ್ಲ. ಅವರು ಹಾಕಿದ್ದು ಕಂಪ್ಯಾಟಿಬಲ್ ಕಾರ್ಟ್ರಿಜ್, ಅಂದರೆ ಪ್ರಿಂಟರ್ ಕಂಪನಿಯದ್ದಲ್ಲ, ಬೇರೆಯವರು ಅದೇ ಅಳತೆಗೆ ಮಾಡಿ ಕಡಿಮೆ ಬೆಲೆಗೆ ಮಾರುವಂಥದ್ದು. ರಾತ್ರಿ ಪ್ರಿಂಟರ್ ವೈಫೈಯಲ್ಲೇ ಇತ್ತು. ಯಾರಿಗೂ ಹೇಳದೆ ಒಂದು ಅಪ್‌ಡೇಟ್ ಇಳಿಸಿಕೊಂಡಿತ್ತು. ಕಾರ್ಟ್ರಿಜ್‌ನಲ್ಲಿ ಏನೂ ಬದಲಾಗಿರಲಿಲ್ಲ, ಪ್ರಿಂಟರ್ ಕೇಳುವ ಪ್ರಶ್ನೆ ಬದಲಾಗಿತ್ತು.

ಯಾವ ಪ್ರಶ್ನೆ, ಯಾರು ಕೇಳುತ್ತಾರೆ, ಒರಿಜಿನಲ್ ಕಾರ್ಟ್ರಿಜ್‌ಗೆ ಅದರ ಉತ್ತರ ಹೇಗೆ ಗೊತ್ತು? ಬುಡದಿಂದಲೇ ನೋಡೋಣ.

## ಡಬ್ಬಿಯ ಮೇಲೆ ಒಂದು ಚಿಪ್

ಕಾರ್ಟ್ರಿಜ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಒಂದು ಬದಿಯಲ್ಲಿ ಉಗುರಿನಷ್ಟು ಅಗಲದ ಪಟ್ಟಿ, ಅದರ ಮೇಲೆ ಬಂಗಾರದ ಬಣ್ಣದ ಸಣ್ಣ ಸಣ್ಣ ಚೌಕಗಳು ಕಾಣುತ್ತವೆ. ಸಿಮ್ ಕಾರ್ಡಿನ ಮುಖ ಇದ್ದ ಹಾಗೆ. ಅದೇ ಚಿಪ್. ಪ್ರಿಂಟರ್ ಒಳಗೆ ಅದಕ್ಕೆ ಎದುರಾಗಿ ಸ್ಪ್ರಿಂಗ್ ಇರುವ ಪಿನ್ನುಗಳಿರುತ್ತವೆ. ಕಾರ್ಟ್ರಿಜ್ ಟಕ್ ಅಂತ ಕೂತಾಗ ಪಿನ್ನುಗಳು ಚೌಕಗಳಿಗೆ ಒತ್ತಿಕೊಳ್ಳುತ್ತವೆ, ಚಿಪ್‌ಗೆ ಕರೆಂಟು ಹೋಗುತ್ತದೆ, ಇಬ್ಬರ ನಡುವೆ ಮಾತು ಶುರುವಾಗುತ್ತದೆ.

ಹಳೆಯ ಕಾರ್ಟ್ರಿಜ್‌ಗಳ ಚಿಪ್ ಬರೀ ಒಂದು ಪುಟ್ಟ ನೋಟ್‌ಬುಕ್ ಇದ್ದಂತೆ. ಮಾಡೆಲ್ ನಂಬರ್, ಬಣ್ಣ, ಸೀರಿಯಲ್ ನಂಬರ್, ತಯಾರಾದ ದಿನ, ಯಾವ ದೇಶದ ಮಾರುಕಟ್ಟೆಗೆ, ಎಷ್ಟು ಇಂಕ್ ಉಳಿದಿದೆ, ಇಷ್ಟೇ. ಅಂದ ಹಾಗೆ, ಪರದೆಯ ಮೇಲೆ ಕಾಣುವ ಆ ಇಂಕ್ ಮಟ್ಟವನ್ನು ಹೆಚ್ಚಿನ ಇಂಕ್‌ಜೆಟ್‌ಗಳು ನೇರವಾಗಿ ಅಳೆಯುವುದಿಲ್ಲ. ಎಷ್ಟು ಹನಿ ಚಿಮ್ಮಿಸಿದ್ದೇನೆ ಎಂದು ಪ್ರಿಂಟರ್ ಎಣಿಸಿ, ಆ ಲೆಕ್ಕವನ್ನು ಚಿಪ್‌ನಲ್ಲಿ ಬರೆದಿಡುತ್ತದೆ. ಡಬ್ಬಿಗೆ ಮತ್ತೆ ಇಂಕ್ ತುಂಬಿಸಿದರೂ ಪ್ರಿಂಟರ್ "ಖಾಲಿ" ಎನ್ನುವುದು ಇದಕ್ಕೇ. ಇಂಕ್ ತುಂಬಿತು, ನೋಟ್‌ಬುಕ್ಕಿನ ಲೆಕ್ಕ ಮಾತ್ರ ಹಾಗೇ ಉಳಿಯಿತು.

ನೋಟ್‌ಬುಕ್ ಮಾತ್ರ ಆಗಿದ್ದರೆ ನಕಲು ಮಾಡುವುದು ಸುಲಭ. ಒಂದು ಒರಿಜಿನಲ್ ತಂದು, ಅದರಲ್ಲಿ ಬರೆದದ್ದನ್ನೆಲ್ಲ ಓದಿ, ಇನ್ನೊಂದು ಖಾಲಿ ಚಿಪ್‌ಗೆ ಹಾಗೇ ಇಳಿಸಿದರೆ ಮುಗಿಯಿತು. ಹಾಗಾಗಿ ಕಂಪನಿಗಳು ಚಿಪ್‌ಗೆ ಇನ್ನೊಂದು ಕೆಲಸ ಕೊಟ್ಟವು: ತಾನು ಅಸಲಿ ಎಂದು ಸಾಬೀತು ಮಾಡುವುದು.

## ಗುಟ್ಟನ್ನು ಹೇಳದೆ ಗುಟ್ಟು ಗೊತ್ತಿದೆ ಎಂದು ತೋರಿಸುವುದು

ಮದುವೆ ಮನೆಯ ಬಾಗಿಲಲ್ಲಿ ಒಬ್ಬ ಕಾವಲಿಗೆ ನಿಂತಿದ್ದಾನೆ ಅಂದುಕೊಳ್ಳಿ. ಊಟಕ್ಕೆ ನಮ್ಮವರನ್ನು ಮಾತ್ರ ಬಿಡಬೇಕು. ಒಂದೇ ಪಾಸ್‌ವರ್ಡ್ ಇಟ್ಟರೆ ಹಿಂದೆ ನಿಂತವನಿಗೂ ಕೇಳಿಸುತ್ತದೆ, ಅವನೂ ಅದನ್ನೇ ಹೇಳಿ ಒಳಗೆ ಹೋಗಿ ಎಲೆ ಮುಂದೆ ಕೂರುತ್ತಾನೆ. ಅದಕ್ಕೆ ಮನೆಯವರು ಬೇರೆ ಉಪಾಯ ಮಾಡುತ್ತಾರೆ. ಪಾಸ್‌ವರ್ಡ್ ಬದಲು ಒಂದು ಲೆಕ್ಕದ ನಿಯಮವನ್ನು ನಮ್ಮವರಿಗೆಲ್ಲ ಮೊದಲೇ ಹೇಳಿಟ್ಟಿರುತ್ತಾರೆ: ಕೇಳಿದ ಸಂಖ್ಯೆಗೆ 13 ಕೂಡಿಸು, ಬಂದದ್ದನ್ನು 3ರಿಂದ ಗುಣಿಸು.

ಕಾವಲಿನವನು 47 ಎನ್ನುತ್ತಾನೆ. ನಮ್ಮವನು 60 ಮಾಡಿ, ಮೂರರಿಂದ ಗುಣಿಸಿ 180 ಎನ್ನುತ್ತಾನೆ. ಬಿಡು, ಒಳಗೆ ಹೋಗು. ಹಿಂದೆ ನಿಂತವನು ಇದನ್ನು ಕೇಳಿಸಿಕೊಂಡ. ಆದರೆ ಅವನ ಸರದಿಗೆ ಬರುವ ಸಂಖ್ಯೆ 20. ಅವನು 180 ಎಂದರೆ ಸಿಕ್ಕಿಬಿದ್ದ, ಯಾಕೆಂದರೆ ಸರಿಯಾದ ಉತ್ತರ 99. ನಿಯಮ ಒಂದು ಸಲವೂ ಯಾರ ಬಾಯಿಂದಲೂ ಹೊರಗೆ ಬಂದಿಲ್ಲ ನೋಡಿ. ಉತ್ತರ ಮಾತ್ರ ಬಂದಿದೆ, ಅದೂ ಆ ಒಂದು ಸಲಕ್ಕೆ ಮಾತ್ರ ಸಲ್ಲುವ ಉತ್ತರ.

ಪ್ರಿಂಟರ್ ಮತ್ತು ಚಿಪ್ ನಡುವೆ ನಡೆಯುವುದು ಇದೇ. ಪ್ರಿಂಟರ್ ಒಂದು ಮನಸ್ಸಿಗೆ ಬಂದ ಸಂಖ್ಯೆ ಕಳಿಸುತ್ತದೆ. ಚಿಪ್ ತನ್ನೊಳಗಿನ ಗುಟ್ಟಿನ ಕೀಲಿಯನ್ನು ಅದಕ್ಕೆ ಸೇರಿಸಿ ಲೆಕ್ಕ ಮಾಡಿ ಉತ್ತರ ಕಳಿಸುತ್ತದೆ. ಪ್ರಿಂಟರ್ ಆ ಉತ್ತರವನ್ನು ತಾಳೆ ನೋಡುತ್ತದೆ. ಹೊಂದಿದರೆ ಪ್ರಿಂಟ್, ಇಲ್ಲದಿದ್ದರೆ ಎರರ್. ನನ್ನ ಉದಾಹರಣೆಯ ಲೆಕ್ಕವನ್ನು ಎರಡು ಉತ್ತರ ಕೇಳಿದ ಜಾಣ ಹುಡುಗ ಒಡೆದುಬಿಡುತ್ತಾನೆ. ನಿಜವಾದ ಚಿಪ್‌ಗಳಲ್ಲಿ ಇರುವುದು ಉತ್ತರ ನೋಡಿ ನಿಯಮ ಊಹಿಸಲು ಆಗದಂಥ ಗಣಿತ. ಪ್ರಶ್ನೆಗಳೂ ಎಷ್ಟು ಇರಬಹುದೆಂದರೆ, ಎಲ್ಲಕ್ಕೂ ಉತ್ತರ ಬರೆದಿಟ್ಟುಕೊಳ್ಳಲು ಯಾವ ಮೆಮೊರಿಯೂ ಸಾಲದು.

ಇದು ಹೊಸದೇನಲ್ಲ. ಅಮೆರಿಕದ ಲೆಕ್ಸ್‌ಮಾರ್ಕ್ ಕಂಪನಿ ಇಪ್ಪತ್ತು ವರ್ಷಕ್ಕೂ ಹಿಂದೆಯೇ ತನ್ನ ಲೇಸರ್ ಪ್ರಿಂಟರ್‌ಗಳಲ್ಲಿ ಇಂಥ ಗುಟ್ಟಿನ ಕೈಕುಲುಕಾಟ ಇಟ್ಟಿತ್ತು. ಸ್ಟ್ಯಾಟಿಕ್ ಕಂಟ್ರೋಲ್ ಎಂಬ ಇನ್ನೊಂದು ಕಂಪನಿ ಅದಕ್ಕೆ ಸರಿಹೊಂದುವ ಚಿಪ್ ಮಾಡಿ ಮಾರಿತು. ಲೆಕ್ಸ್‌ಮಾರ್ಕ್ ಕೋರ್ಟಿಗೆ ಹೋಯಿತು. ಅವರ ಟೋನರ್ ಚಿಪ್‌ನಲ್ಲಿದ್ದ ಪ್ರೋಗ್ರಾಂ ಎಷ್ಟು ದೊಡ್ಡದು ಗೊತ್ತಾ? ಒಂದು ಬಗೆಯ ಮಾಡೆಲ್‌ಗಳಲ್ಲಿ 37 ಬೈಟ್, ಇನ್ನೊಂದರಲ್ಲಿ 55 ಬೈಟ್. ಈ ಒಂದು ವಾಕ್ಯ ಅದಕ್ಕಿಂತ ಉದ್ದ ಇದೆ. 2004ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ಚಿಪ್ ಮಾರಾಟಕ್ಕೆ ಹಾಕಿದ್ದ ತಡೆಯನ್ನು ತೆಗೆದುಹಾಕಿತು.

## ಹಾಗಾದರೆ ಕಂಪ್ಯಾಟಿಬಲ್ ಚಿಪ್ ಹೇಗೆ ಪಾಸಾಗುತ್ತದೆ

ಗುಟ್ಟು ಗೊತ್ತಿಲ್ಲದಿದ್ದರೆ ಉತ್ತರ ಕೊಡಲು ಆಗುವುದಿಲ್ಲ ಅಂದೆ. ಆದರೂ ಮಾರುಕಟ್ಟೆಯ ತುಂಬ ಕಂಪ್ಯಾಟಿಬಲ್ ಕಾರ್ಟ್ರಿಜ್‌ಗಳಿವೆ, ಓಡುತ್ತಲೂ ಇವೆ. ಹೇಗೆ?

ಚಿಪ್ ತಯಾರಿಸುವವರು ಒರಿಜಿನಲ್ ಕಾರ್ಟ್ರಿಜ್ ಮತ್ತು ಪ್ರಿಂಟರ್ ಎರಡನ್ನೂ ಮೇಜಿನ ಮೇಲಿಟ್ಟು, ನಡುವಿನ ತಂತಿಗಳ ಮೇಲೆ ಹೋಗುವ ಬರುವ ಸಂಕೇತಗಳನ್ನು ದಾಖಲಿಸಿಕೊಳ್ಳುತ್ತಾರೆ. ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ, ಉತ್ತರಕ್ಕೆ ಎಷ್ಟು ಹೊತ್ತು, ಎಲ್ಲ. ಎಷ್ಟೋ ಸಲ ಒರಿಜಿನಲ್ ಚಿಪ್‌ನ ಹೊದಿಕೆ ಕರಗಿಸಿ, ಒಳಗಿನ ಸರ್ಕ್ಯೂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕೀಲಿ ಹುಡುಕುವುದೂ ಉಂಟು. ಇದಕ್ಕೆ ಕಾಲ ಮತ್ತು ದುಡ್ಡು ಎರಡೂ ಬೇಕು. ಹೊಸ ಮಾಡೆಲ್ ಪ್ರಿಂಟರ್ ಬಂದ ಕೂಡಲೇ ಅದರ ಕಂಪ್ಯಾಟಿಬಲ್ ಕಾರ್ಟ್ರಿಜ್ ಸಿಗುವುದಿಲ್ಲ ಅಲ್ವಾ, ಕಾರಣ ಇದೇ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇಡೀ ಕಥೆ ಇದರ ಮೇಲೆ ನಿಂತಿದೆ. ಚಿಪ್ ಮಾಡುವವರು ಪ್ರಿಂಟರ್ *ಆಗ* ಏನು ಕೇಳುತ್ತಿದೆಯೋ ಅದಕ್ಕೆ ಉತ್ತರ ಕೊಡುವ ಚಿಪ್ ಮಾಡುತ್ತಾರೆ. ಒರಿಜಿನಲ್ ಚಿಪ್ ಹತ್ತು ಪ್ರಶ್ನೆಗೆ ಉತ್ತರ ಕೊಡಬಲ್ಲದು, ಆದರೆ ಇವತ್ತಿನ ಪ್ರಿಂಟರ್ ಅದರಲ್ಲಿ ಆರನ್ನು ಮಾತ್ರ ಕೇಳುತ್ತಿದೆ ಅಂದುಕೊಳ್ಳಿ. ಕೇಳುವ ಆರು ತಂತಿಯ ಮೇಲೆ ಕಾಣುತ್ತವೆ. ಕೇಳದೇ ಇರುವ ನಾಲ್ಕು ಎಲ್ಲಿಯೂ ಕಾಣುವುದಿಲ್ಲ. ಕಾಣದ್ದನ್ನು ನಕಲು ಮಾಡುವುದು ಹೇಗೆ? ಹಳೆಯ ಪ್ರಶ್ನೆಪತ್ರಿಕೆ ಮಾತ್ರ ಉರುಹೊಡೆದು ಪರೀಕ್ಷೆಗೆ ಕೂತ ಹುಡುಗನ ಕಥೆ ಇದು. ಹಳೆಯ ಪ್ರಶ್ನೆಗಳೇ ಬಂದರೆ ಫಸ್ಟ್ ಕ್ಲಾಸು.

## ಅಪ್‌ಡೇಟ್ ಬಂದ ರಾತ್ರಿ

ಫರ್ಮ್‌ವೇರ್ ಎಂದರೆ ಪ್ರಿಂಟರ್ ಒಳಗೇ ಕೂತಿರುವ ಪ್ರೋಗ್ರಾಂ. ಕಾಗದ ಎಳೆಯುವುದು, ಹೆಡ್ ಓಡಿಸುವುದು, ಪರದೆಯ ಮೇಲೆ ಮೆಸೇಜ್ ತೋರಿಸುವುದು, ಕಾರ್ಟ್ರಿಜ್ ಜೊತೆ ಮಾತಾಡುವುದು, ಎಲ್ಲವೂ ಅದರದ್ದೇ ಕೆಲಸ. ಫೋನಿಗೆ ಅಪ್‌ಡೇಟ್ ಬರುವ ಹಾಗೆ ಇದಕ್ಕೂ ಬರುತ್ತದೆ. ಹೆಚ್ಚಿನ ವೈಫೈ ಪ್ರಿಂಟರ್‌ಗಳಲ್ಲಿ ಅಂಗಡಿಯಿಂದ ಬರುವಾಗಲೇ ಆಟೋ ಅಪ್‌ಡೇಟ್ ಆನ್ ಆಗಿರುತ್ತದೆ.

ಹೊಸ ಫರ್ಮ್‌ವೇರ್ ಮಾಡಬೇಕಾದ್ದು ಇಷ್ಟೇ: ಇಲ್ಲಿಯವರೆಗೆ ಕೇಳದ ಏಳನೇ ಪ್ರಶ್ನೆಯನ್ನು ಕೇಳುವುದು. ಒರಿಜಿನಲ್ ಚಿಪ್ ಎರಡು ವರ್ಷದ ಹಿಂದೆ ತಯಾರಾದದ್ದಾದರೂ ಅದಕ್ಕೆ ಉತ್ತರ ಗೊತ್ತು, ಹುಟ್ಟುವಾಗಲೇ ಕಲಿಸಿರುತ್ತಾರೆ. ಕಂಪ್ಯಾಟಿಬಲ್ ಚಿಪ್ ಸುಮ್ಮನಿರುತ್ತದೆ, ಇಲ್ಲವೇ ಏನೋ ತಪ್ಪು ಕಳಿಸುತ್ತದೆ. ಆ ಕ್ಷಣಕ್ಕೆ ಪ್ರಿಂಟರ್ ನಿಲ್ಲುತ್ತದೆ.

ಹೊಸ ಪ್ರಶ್ನೆಯೊಂದೇ ದಾರಿಯಲ್ಲ. ನಕಲಿ ಚಿಪ್‌ಗಳಲ್ಲಿ ಎಷ್ಟೋ ಸಲ ಒಂದೇ ಸೀರಿಯಲ್ ನಂಬರ್ ಸಾವಿರಾರು ಡಬ್ಬಿಗಳಲ್ಲಿ ಇರುತ್ತದೆ, ನಕಲು ಮಾಡಿದ್ದು ಒಂದೇ ಒರಿಜಿನಲ್‌ನಿಂದ ಅಲ್ವಾ. ನಿಮ್ಮ ಮನೆಯ ಪ್ರಿಂಟರ್‌ಗೆ ಇದು ಗೊತ್ತಾಗುವ ಹಾಗಿಲ್ಲ. ಆದರೆ ಇಂಟರ್ನೆಟ್‌ನಲ್ಲಿರುವ ಲಕ್ಷಾಂತರ ಪ್ರಿಂಟರ್‌ಗಳಿಂದ ಮಾಹಿತಿ ಪಡೆಯುವ ಕಂಪನಿಗೆ ಒಂದೇ ನಂಬರ್ ಏಕಕಾಲಕ್ಕೆ ಹತ್ತಾರು ಊರಿನಲ್ಲಿ ಕಂಡರೆ ಅರ್ಥವಾಗುತ್ತದೆ. ಅಂಥ ನಂಬರುಗಳನ್ನು ಮುಂದಿನ ಅಪ್‌ಡೇಟ್‌ನಲ್ಲಿ ಕಪ್ಪುಪಟ್ಟಿಗೆ ಸೇರಿಸಬಹುದು. ಉತ್ತರ ಬರುವುದು ಒಂದಿಷ್ಟು ತಡವಾದರೆ ಹಿಡಿಯುವುದೂ ಸಾಧ್ಯ, ಅಗ್ಗದ ಚಿಪ್‌ಗಳು ಒರಿಜಿನಲ್‌ನಷ್ಟು ಕರಾರುವಾಕ್ಕಾಗಿ ಉತ್ತರಿಸುವುದಿಲ್ಲ. ಯಾವ ಅಪ್‌ಡೇಟ್‌ನಲ್ಲಿ ಯಾವ ಪರೀಕ್ಷೆ ಸೇರಿಸಿದೆವು ಎಂದು ಕಂಪನಿಗಳು ಬಾಯಿಬಿಡುವುದಿಲ್ಲ. ಬಿಟ್ಟರೆ ಮರುದಿನವೇ ಚಿಪ್ ಮಾಡುವವರು ಕಲಿತುಬಿಡುತ್ತಾರೆ.

ಎಚ್‌ಪಿ ತನ್ನ ಈ ಪದ್ಧತಿಗೆ ಡೈನಮಿಕ್ ಸೆಕ್ಯುರಿಟಿ ಎಂದು ಹೆಸರಿಟ್ಟಿದೆ. ಡೈನಮಿಕ್ ಅನ್ನುವ ಪದ ಸುಮ್ನೆ ಬಂದದ್ದಲ್ಲ. ಪರೀಕ್ಷೆ ಬದಲಾಗುತ್ತಾ ಇರುತ್ತದೆ, ಇವತ್ತು ಓಡಿದ ಕಾರ್ಟ್ರಿಜ್ ಮುಂದಿನ ಅಪ್‌ಡೇಟ್ ನಂತರ ಓಡದೇ ಇರಬಹುದು ಎಂದು ಕಂಪನಿಯೇ ಹೇಳುತ್ತದೆ. ಈಗ ಅದರ ಪ್ರಿಂಟರ್ ಡಬ್ಬಿಗಳ ಮೇಲೆ, ವೆಬ್‌ಸೈಟಿನಲ್ಲಿ ಈ ಮಾತು ಇರುತ್ತದೆ. ಮೊದಲು ಹೀಗಿರಲಿಲ್ಲ.

## 2016ರ ಸೆಪ್ಟೆಂಬರ್ 13

ಈ ವಿಷಯ ಜನರ ಬಾಯಿಗೆ ಬಂದದ್ದು ಆ ದಿನ. ಯುರೋಪು, ಅಮೆರಿಕದಲ್ಲಿ ಎಚ್‌ಪಿ ಆಫೀಸ್‌ಜೆಟ್, ಆಫೀಸ್‌ಜೆಟ್ ಪ್ರೊ ಪ್ರಿಂಟರ್ ಇಟ್ಟುಕೊಂಡವರಿಗೆ ಒಂದೇ ದಿನ ಒಂದೇ ತೊಂದರೆ. ಕಂಪ್ಯಾಟಿಬಲ್ ಕಾರ್ಟ್ರಿಜ್ ಹಾಕಿದ್ದವರಿಗೆಲ್ಲ ಕಾರ್ಟ್ರಿಜ್ ಕೆಟ್ಟಿದೆ, ಬದಲಾಯಿಸಿ ಎನ್ನುವ ಮೆಸೇಜು. ನೆದರ್ಲೆಂಡ್ಸ್‌ನ 123ಇಂಕ್ಟ್ ಎಂಬ ಇಂಕ್ ಮಾರಾಟಗಾರರಿಗೆ ಗ್ರಾಹಕರ ಫೋನುಗಳು ಬರತೊಡಗಿದವು. ಒಂದು ಬ್ಯಾಚ್ ಕೆಟ್ಟಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಬೇರೆ ಬೇರೆ ಬ್ಯಾಚು, ಬೇರೆ ಬೇರೆ ಊರು, ಒಂದೇ ತಾರೀಕು.

ಗಮನಿಸಬೇಕಾದ್ದು ಏನೆಂದರೆ, ಆ ದಿನ ಯಾವ ಅಪ್‌ಡೇಟೂ ಬಂದಿರಲಿಲ್ಲ. ತಿಂಗಳುಗಳ ಹಿಂದೆಯೇ ಇಳಿದಿದ್ದ ಫರ್ಮ್‌ವೇರ್‌ನಲ್ಲಿ ಹೊಸ ಪರೀಕ್ಷೆ ಮಲಗಿತ್ತು. ತಾರೀಕು ಬಂದಾಗ ಎದ್ದಿತು. ಅಲಾರಾಂ ಇಟ್ಟು ಮಲಗಿದ ಹಾಗೆ. ಅದಕ್ಕೇ ಜನರಿಗೆ ಕಾರಣ ಹಿಡಿಯುವುದು ಕಷ್ಟವಾಯಿತು. ನಾನೇನೂ ಅಪ್‌ಡೇಟ್ ಮಾಡಿಲ್ಲವಲ್ಲ, ಪ್ರಿಂಟರ್ ಇವತ್ತು ಇಂಟರ್ನೆಟ್‌ನಲ್ಲೂ ಇಲ್ಲವಲ್ಲ ಎಂದು ತಲೆ ಕೆರೆದುಕೊಂಡರು. ನಿಮ್ಮ ಪ್ರಿಂಟರ್ ಕಾರ್ಟ್ರಿಜ್ ಬೇಡ ಎಂದ ದಿನವೇ ಅಪ್‌ಡೇಟ್ ಆಗಿರಬೇಕೆಂದಿಲ್ಲ ಎನ್ನುವುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

ಅಮೆರಿಕದ ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್ ಕಂಪನಿಗೆ ಬಹಿರಂಗ ಪತ್ರ ಬರೆಯಿತು. ಅದರ ಒಂದು ವಾದ ನನಗೆ ಇವತ್ತಿಗೂ ಮುಖ್ಯ ಅನ್ನಿಸುತ್ತದೆ: ಅಪ್‌ಡೇಟ್ ಎಂದರೆ ಜನ ಭದ್ರತೆಗಾಗಿ ಹಾಕಿಸಿಕೊಳ್ಳುವುದು, ಅದರಲ್ಲೇ ಇಂಥದ್ದು ಬಂದರೆ ಮುಂದೆ ಜನ ಅಪ್‌ಡೇಟನ್ನೇ ಆಫ್ ಮಾಡುತ್ತಾರೆ, ಆಗ ನಿಜವಾದ ಭದ್ರತೆಯೂ ಹೋಗುತ್ತದೆ. ತಿಂಗಳ ಕೊನೆಗೆ ಎಚ್‌ಪಿ ತಾನು ಜನರಿಗೆ ಸರಿಯಾಗಿ ತಿಳಿಸಲಿಲ್ಲ ಎಂದು ಕ್ಷಮೆ ಕೇಳಿ, ಆ ಪರೀಕ್ಷೆ ಇಲ್ಲದ ಇನ್ನೊಂದು ಫರ್ಮ್‌ವೇರ್ ಕೊಡುವುದಾಗಿ ಹೇಳಿತು. ಬೇಕಾದವರು ತಾವೇ ಇಳಿಸಿ ಹಾಕಿಕೊಳ್ಳಬೇಕು. ಆದರೆ ಪದ್ಧತಿಯನ್ನು ಕೈಬಿಡಲಿಲ್ಲ. 2020ರ ಡಿಸೆಂಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಈ ಮಿತಿಗಳ ಬಗ್ಗೆ ಗ್ರಾಹಕರಿಗೆ ಸರಿಯಾಗಿ ಹೇಳಿರಲಿಲ್ಲ ಎಂಬ ಕಾರಣಕ್ಕೆ ಎಚ್‌ಪಿಗೆ 1 ಕೋಟಿ ಯೂರೋ ದಂಡ ಹಾಕಿತು.

## ರಿಫಿಲ್ ಮಾಡಿದ್ದು ಓಡುತ್ತದೆ, ಹೊಸ ಡಬ್ಬಿ ಓಡುವುದಿಲ್ಲ

ಇದು ಎಷ್ಟೋ ಜನರಿಗೆ ಗೊಂದಲ ಮಾಡುತ್ತದೆ. ಪಕ್ಕದ ಅಂಗಡಿಯವನು ಸಿರಿಂಜಿನಲ್ಲಿ ಇಂಕ್ ತುಂಬಿಸಿ ಓಡಿಸುತ್ತಿದ್ದಾನೆ, ನಾನು ಹೊಚ್ಚ ಹೊಸ ಕಂಪ್ಯಾಟಿಬಲ್ ತಂದರೆ ಬೇಡ ಅನ್ನುತ್ತದೆ, ಇದೆಂಥ ನ್ಯಾಯ?

ಪ್ರಿಂಟರ್ ಇಂಕ್ ನೋಡುವುದಿಲ್ಲ. ಡಬ್ಬಿ ಯಾರದ್ದೆಂದೂ ನೋಡುವುದಿಲ್ಲ. ಅದು ನೋಡುವುದು ಚಿಪ್ ಒಂದನ್ನೇ. ಸಿರಿಂಜಿನಲ್ಲಿ ತುಂಬಿಸಿದ ಡಬ್ಬಿಯ ಮೇಲೆ ಕಂಪನಿಯ ಚಿಪ್ಪೇ ಕೂತಿದೆ, ಏಳನೇ ಪ್ರಶ್ನೆ ಬಂದರೂ ಉತ್ತರ ಕೊಡುತ್ತದೆ. ಎಚ್‌ಪಿ ತೋರಿಸುವ ಮೆಸೇಜನ್ನೇ ಓದಿ ನೋಡಿ, ಅದರಲ್ಲಿ ತಡೆಗೆ ಕೊಡುವ ಕಾರಣ ಹೀಗಿರುತ್ತದೆ:

```
non-HP chip
```

ಬೇರೆಯವರ ಇಂಕ್ ಎಂದು ಎಲ್ಲಿಯೂ ಇಲ್ಲ. ಕಂಪನಿಯ ಚಿಪ್ ಹೊಸದಿರಲಿ, ಒಮ್ಮೆ ಬಳಸಿದ್ದಿರಲಿ, ಅದು ಇರುವ ಕಾರ್ಟ್ರಿಜ್‌ಗಳನ್ನು ಡೈನಮಿಕ್ ಸೆಕ್ಯುರಿಟಿ ತಡೆಯುವುದಿಲ್ಲ ಎಂದು ಎಚ್‌ಪಿ ಸ್ಪಷ್ಟವಾಗಿಯೇ ಹೇಳುತ್ತದೆ. ಟೋನರ್ ರಿಫಿಲ್ ಮಾಡುವ ಎಷ್ಟೋ ಅಂಗಡಿಗಳು ಖಾಲಿಯಾದ ಒರಿಜಿನಲ್‌ನಿಂದ ಚಿಪ್ ಕಿತ್ತು ಕಂಪ್ಯಾಟಿಬಲ್ ಡಬ್ಬಿಗೆ ಅಂಟಿಸಿ ಕೊಡುವುದು ಇದೇ ಕಾರಣಕ್ಕೆ. ಲೆಕ್ಕದ ಪುಸ್ತಕ ಹಳೆಯದಾದ್ದರಿಂದ ಪರದೆ ಮೇಲೆ ಟೋನರ್ ಮುಗಿದಿದೆ ಎಂದೇ ತೋರಿಸುತ್ತಿರುತ್ತದೆ, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಪ್ರಿಂಟ್ ಮಾತ್ರ ಬರುತ್ತಲೇ ಇರುತ್ತದೆ.

ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಹಳೆಯ ಎಚ್‌ಪಿ ಲೇಸರ್‌ಜೆಟ್ 1020 ಇನ್ನೂ ಕುಟುಕುಟು ಓಡುತ್ತಿರುವುದನ್ನು ನೀವು ನೋಡಿರಬಹುದು. ಅದಕ್ಕೆ ಹಾಕುವ 12ಎ ಟೋನರ್‌ನಲ್ಲಿ ಚಿಪ್ಪೇ ಇಲ್ಲ. ಅದಕ್ಕೆ ವೈಫೈ ಇಲ್ಲ, ಯುಎಸ್‌ಬಿ ಕೇಬಲ್ ಮಾತ್ರ. ಪ್ರಶ್ನೆ ಕೇಳಲು ಯಾರೂ ಇಲ್ಲ, ಉತ್ತರ ಕೊಡಲೂ ಯಾರೂ ಇಲ್ಲ. ಹತ್ತು ಸಲ ಪುಡಿ ತುಂಬಿಸಿ, ಡ್ರಮ್ ಬದಲಾಯಿಸಿ ಓಡಿಸುವವರಿದ್ದಾರೆ. ಇಂಕ್ ಟ್ಯಾಂಕ್ ಪ್ರಿಂಟರ್‌ಗಳೂ ಬೇರೆ ಜಾತಿ. ಬಾಟಲಿಯಿಂದ ಇಂಕ್ ಸುರಿಯುವ ಹೆಚ್ಚಿನ ಮಾಡೆಲ್‌ಗಳಲ್ಲಿ ಬಾಟಲಿಗೆ ಚಿಪ್ ಇಲ್ಲದ ಕಾರಣ ಈ ತಕರಾರು ಬರುವುದಿಲ್ಲ.

## ಕಂಪನಿಗಳು ಏನು ಹೇಳುತ್ತವೆ

ದುಡ್ಡಿನ ಲೆಕ್ಕ ಗುಟ್ಟೇನಲ್ಲ. ಪ್ರಿಂಟರನ್ನು ಕಡಿಮೆ ಬೆಲೆಗೆ ಕೊಟ್ಟು, ಆಮೇಲೆ ಇಂಕ್ ಮಾರಿ ಲಾಭ ಮಾಡುವುದು ಈ ವ್ಯಾಪಾರದ ಹಳೆಯ ದಾರಿ. ಗ್ರಾಹಕ ಇಂಕ್ ಬೇರೆ ಕಡೆ ಕೊಂಡರೆ ಆ ಲೆಕ್ಕ ತಪ್ಪುತ್ತದೆ. ಎಚ್‌ಪಿಯ ಸಿಇಒ ಆಗಿದ್ದ ಎನ್ರಿಕೆ ಲೋರೆಸ್ 2024ರ ಜನವರಿಯಲ್ಲಿ ಟಿವಿ ಸಂದರ್ಶನವೊಂದರಲ್ಲಿ, ತಮ್ಮ ಇಂಕ್ ಬಳಸದ ಗ್ರಾಹಕ ಕಂಪನಿಗೆ ನಷ್ಟದ ಬಂಡವಾಳ ಎನ್ನುವ ಅರ್ಥದಲ್ಲೇ ಮಾತಾಡಿದ್ದರು.

ಅದೇ ಸಂದರ್ಶನದಲ್ಲಿ ಅವರು ಹೇಳಿದ ಇನ್ನೊಂದು ಕಾರಣ ಭದ್ರತೆ. ಕಾರ್ಟ್ರಿಜ್ ಚಿಪ್ ಮೂಲಕ ವೈರಸ್ ಬರಬಹುದು ಎಂದು. ಕೇಳಿದವರು ನಕ್ಕರು, ಆದರೆ ಮಾತು ಪೂರ್ತಿ ಗಾಳಿಯಲ್ಲಿ ಬಂದದ್ದಲ್ಲ. 2022ರಲ್ಲಿ ಎಚ್‌ಪಿಯೇ ಹಣ ಕೊಟ್ಟು ನಡೆಸಿದ ತಪ್ಪು ಹುಡುಕುವ ಕಾರ್ಯಕ್ರಮದಲ್ಲಿ, ಚಿಪ್ ಕಳಿಸುವ ಉತ್ತರವನ್ನು ಬೇಕೆಂದೇ ತೀರಾ ಉದ್ದ ಮಾಡಿ, ಪ್ರಿಂಟರ್‌ನ ಮೆಮೊರಿ ತುಂಬಿ ಹರಿಯುವಂತೆ ಮಾಡಿ, ಒಳಗೆ ಬೇರೆ ಕೋಡ್ ಓಡಿಸಬಹುದು ಎಂದು ಸಂಶೋಧಕರು ತೋರಿಸಿದ್ದರು. ಅಂದರೆ ಸಾಧ್ಯ ಎನ್ನುವುದು ಪ್ರಯೋಗದಲ್ಲಿ ಕಂಡಿದೆ. ಆದರೆ ಆ ತೂತು ಇದ್ದದ್ದು ಪ್ರಿಂಟರ್‌ನ ಫರ್ಮ್‌ವೇರ್‌ನಲ್ಲಿ. ಉದ್ದದ ಉತ್ತರ ಬಂದರೆ ಎಸೆದುಬಿಡು ಎಂದು ಸರಿಪಡಿಸಿದರೆ ಅದು ಮುಚ್ಚುತ್ತದೆ, ಅದಕ್ಕಾಗಿ ಎಲ್ಲ ಬೇರೆ ಚಿಪ್‌ಗಳನ್ನು ತಡೆಯಲೇಬೇಕೆಂದಿಲ್ಲ.

ಪ್ರಿಂಟ್ ಆಗಲು ಚಿಪ್ ಎಷ್ಟು ಬೇಕು ಎನ್ನುವುದಕ್ಕೆ 2022ರ ಜನವರಿಯ ಒಂದು ಘಟನೆ ಸಾಕು. ಜಗತ್ತಿನಾದ್ಯಂತ ಚಿಪ್‌ಗಳ ಕೊರತೆ ಇದ್ದ ಕಾಲ. ಕ್ಯಾನನ್ ತನ್ನ ಕೆಲವು ಆಫೀಸ್ ಯಂತ್ರಗಳ ಟೋನರ್‌ಗಳನ್ನು ಚಿಪ್ ಇಲ್ಲದೆಯೇ ಮಾರಬೇಕಾಯಿತು. ಕ್ಯಾನನ್‌ನದ್ದೇ ಟೋನರನ್ನು ಕ್ಯಾನನ್‌ನದ್ದೇ ಯಂತ್ರ ಒರಿಜಿನಲ್ ಅಲ್ಲ ಎಂದು ಎಚ್ಚರಿಸತೊಡಗಿತು! ಆ ಎಚ್ಚರಿಕೆಯನ್ನು ಹೇಗೆ ದಾಟಿ ಮುಂದೆ ಹೋಗಬೇಕು ಎಂದು ಜರ್ಮನಿಯ ಗ್ರಾಹಕರಿಗೆ ಕಂಪನಿಯೇ ಹೇಳಿಕೊಟ್ಟಿತು. ಟೋನರ್ ಎಷ್ಟು ಉಳಿದಿದೆ ಎಂಬ ಲೆಕ್ಕ ಸರಿಯಾಗಿ ತೋರಿಸದೇ ಇರಬಹುದು, ಪ್ರಿಂಟ್‌ಗೆ ತೊಂದರೆಯಿಲ್ಲ ಎಂದಿತು.

## ನಿಮ್ಮದೂ ಇದೇ ತೊಂದರೆಯಾ, ಪತ್ತೆ ಹಚ್ಚುವುದು ಹೀಗೆ

ಕಾರ್ಟ್ರಿಜ್ ಎರರ್ ಎಲ್ಲವೂ ಫರ್ಮ್‌ವೇರ್ ಮಾಡಿದ್ದಲ್ಲ. ಚಿಪ್‌ನ ಚೌಕಗಳ ಮೇಲೆ ಇಂಕ್ ಅಂಟಿದರೂ, ಕಾರ್ಟ್ರಿಜ್ ಓರೆಯಾಗಿ ಕೂತರೂ ಹೆಚ್ಚುಕಮ್ಮಿ ಅದೇ ಮೆಸೇಜು ಬರಬಹುದು. ವ್ಯತ್ಯಾಸ ಇರುವುದು ವರ್ತನೆಯಲ್ಲಿ. ಕೊಳೆಯಾದರೆ ಸಾಮಾನ್ಯವಾಗಿ ಒಂದೇ ಬಣ್ಣ ತಕರಾರು ಮಾಡುತ್ತದೆ, ತೆಗೆದು ಒರೆಸಿ ಹಾಕಿದಾಗ ಒಮ್ಮೆ ಸರಿಹೋಗಿ ಮತ್ತೆ ಕೈಕೊಡುತ್ತದೆ. ಫರ್ಮ್‌ವೇರ್ ತಡೆಯಾದರೆ ಒಂದೇ ಕಂಪನಿಯ ಕಂಪ್ಯಾಟಿಬಲ್ ಕಾರ್ಟ್ರಿಜ್‌ಗಳೆಲ್ಲ ಒಟ್ಟಿಗೆ ಬಿದ್ದುಹೋಗುತ್ತವೆ, ಎಷ್ಟು ಒರೆಸಿದರೂ ಉತ್ತರ ಅದೇ.

ಇನ್ನೂ ಖಚಿತವಾಗಬೇಕಾದರೆ ಒಂದು ಹಳೆಯ ಒರಿಜಿನಲ್ ಕಾರ್ಟ್ರಿಜ್ ಹುಡುಕಿ ಹಾಕಿ ನೋಡಿ. ಖಾಲಿಯಾದದ್ದೇ ಆಗಲಿ ಪರವಾಗಿಲ್ಲ. ಪ್ರಿಂಟರ್ "ಇಂಕ್ ಇಲ್ಲ" ಎಂದರೆ, ಅದು ಚಿಪ್ಪನ್ನು ಗುರುತು ಹಿಡಿಯಿತು ಎಂದು ಅರ್ಥ. ಪಿನ್ನುಗಳು ಸರಿಯಿವೆ, ತಂತಿ ಸರಿಯಿದೆ. ಅದೇ ಜಾಗಕ್ಕೆ ಕಂಪ್ಯಾಟಿಬಲ್ ಹಾಕಿದಾಗ "ಕಾರ್ಟ್ರಿಜ್ ತಡೆಯಲಾಗಿದೆ" ಎಂದರೆ ತಡೆ ಇರುವುದು ಚಿಪ್‌ನ ಗುರುತಿನಲ್ಲೇ.

ಆಮೇಲೆ ಪ್ರಿಂಟರ್‌ನ ಸ್ಟೇಟಸ್ ರಿಪೋರ್ಟ್ ಒಂದು ಪ್ರಿಂಟ್ ತೆಗೆಯಿರಿ, ಅಥವಾ ಪರದೆಯಲ್ಲಿ ನೋಡಿ. ಫರ್ಮ್‌ವೇರ್ ವರ್ಷನ್ ಅಲ್ಲಿರುತ್ತದೆ. ಎಚ್‌ಪಿಯ ಎಷ್ಟೋ ಇಂಕ್‌ಜೆಟ್‌ಗಳಲ್ಲಿ ಅದು ಹೀಗೆ ಕಾಣುತ್ತದೆ:

```
FDP1CN1547AR
```

ನಡುವಿನ ನಾಲ್ಕು ಅಂಕಿ ನೋಡಿ, 1547. ಸಾಮಾನ್ಯವಾಗಿ ಮೊದಲ ಎರಡು ವರ್ಷ, ಕೊನೆಯ ಎರಡು ವಾರ. ಅಂದರೆ 2015ರ 47ನೇ ವಾರದ ಫರ್ಮ್‌ವೇರ್. ಕಾರ್ಟ್ರಿಜ್ ಕೊಂಡ ತಾರೀಕಿಗಿಂತ ಇದು ಈಚಿನದಾಗಿದ್ದರೆ ನಿಮ್ಮ ಅನುಮಾನಕ್ಕೆ ಬಲ ಬಂತು.

## ಈಗೇನು ಮಾಡುವುದು

ಹಳೆಯ ಫರ್ಮ್‌ವೇರ್‌ಗೆ ವಾಪಸ್ ಹೋಗಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಹೆಚ್ಚಿನ ಹೊಸ ಮಾಡೆಲ್‌ಗಳಲ್ಲಿ ಆಗುವುದಿಲ್ಲ. ಫರ್ಮ್‌ವೇರ್ ಫೈಲಿಗೆ ಕಂಪನಿಯ ಡಿಜಿಟಲ್ ಸಹಿ ಇರುತ್ತದೆ, ಜೊತೆಗೆ ಈಗಿರುವುದಕ್ಕಿಂತ ಹಳೆಯ ವರ್ಷನ್ ಬಂದರೆ ತೆಗೆದುಕೊಳ್ಳಬೇಡ ಎಂಬ ನಿಯಮವೂ ಇರುತ್ತದೆ. ಭದ್ರತೆಯ ದೃಷ್ಟಿಯಿಂದ ಅದು ಸರಿಯಾದ ನಿಯಮವೇ, ಆದರೆ ನಮಗೆ ಇಲ್ಲಿ ಅಡ್ಡ ಬರುತ್ತದೆ. ಕಂಡಕಂಡ ವೆಬ್‌ಸೈಟಿನಿಂದ ಹಳೆಯ ಫರ್ಮ್‌ವೇರ್ ಇಳಿಸಿ ಹಾಕಲು ಹೋಗಿ, ಪ್ರಿಂಟರ್ ಮತ್ತೆ ಆನ್ ಆಗದ ಸ್ಥಿತಿಗೆ ತಂದುಕೊಳ್ಳಬೇಡಿ.

ಸಾಮಾನ್ಯವಾಗಿ ಕೆಲಸ ಆಗುವುದು ಮಾರಾಟಗಾರರ ಕಡೆಯಿಂದ. ತಡೆ ಬಿದ್ದ ಮೇಲೆ ಚಿಪ್ ಮಾಡುವವರು ಮತ್ತೆ ತಂತಿಗೆ ಕಿವಿಯಿಟ್ಟು, ಏಳನೇ ಪ್ರಶ್ನೆ ಕಲಿತು ಹೊಸ ಚಿಪ್ ತರುತ್ತಾರೆ. ಒಳ್ಳೆಯ ಮಾರಾಟಗಾರರು ಹಳೆಯದನ್ನು ವಾಪಸ್ ತೆಗೆದುಕೊಂಡು ಹೊಸ ಚಿಪ್‌ನದ್ದು ಕೊಡುತ್ತಾರೆ. ಕೊಳ್ಳುವಾಗಲೇ "ಅಪ್‌ಡೇಟ್ ಆದ ಮೇಲೆ ಓಡದಿದ್ದರೆ ಬದಲಾಯಿಸಿ ಕೊಡ್ತೀರಾ" ಎಂದು ಕೇಳಿಟ್ಟುಕೊಳ್ಳಿ. ಇನ್ನೊಂದು ವಿಷಯ, ಒಂದೇ ಸಲಕ್ಕೆ ಆರು ಸೆಟ್ ಕೊಂಡು ಬೀರುವಿನಲ್ಲಿ ಇಡಬೇಡಿ. ನಡುವೆ ಒಂದು ಅಪ್‌ಡೇಟ್ ಬಂದರೆ ಆರೂ ಸೆಟ್ ಒಟ್ಟಿಗೆ ದಂಡ.

ಇನ್ನೂ ತಡೆ ಬೀಳದಿದ್ದರೆ ಆಟೋ ಅಪ್‌ಡೇಟ್ ಆಫ್ ಮಾಡುವುದು ಒಂದು ದಾರಿ. ಎಚ್‌ಪಿಯ ಎಷ್ಟೋ ಮಾಡೆಲ್‌ಗಳಲ್ಲಿ ಪ್ರಿಂಟರ್‌ನ ಐಪಿ ವಿಳಾಸವನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಟೈಪ್ ಮಾಡಿದರೆ ಅದರದ್ದೇ ಒಂದು ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ. ಅಲ್ಲಿ ಹೋಗಬೇಕಾದ ದಾರಿ:

```
Tools > Printer Updates > Firmware Updates
```

ಮಾಡೆಲ್ ಬದಲಾದರೆ ಹೆಸರುಗಳು ಸ್ವಲ್ಪ ಆಚೀಚೆ ಆಗುತ್ತವೆ. ಇದಕ್ಕೆ ಬೆಲೆಯೂ ಇದೆ, ನಿಜವಾದ ಭದ್ರತಾ ತೇಪೆಗಳೂ ಬರುವುದಿಲ್ಲ. ಮನೆಯ ವೈಫೈಯಲ್ಲಿ ಒಂದು ಪ್ರಿಂಟರ್ ಇದ್ದರೆ ಒಂದು ಮಾತು, ಹತ್ತು ಕಂಪ್ಯೂಟರ್ ಇರುವ ಆಫೀಸಾದರೆ ಇನ್ನೊಂದು ಮಾತು. ಕೊಳ್ಳುವ ಮೊದಲೇ ನೋಡಬೇಕಾದ್ದು ಒಂದಿದೆ: ಎಚ್‌ಪಿ ಪ್ಲಸ್ ಎಂಬ ಯೋಜನೆಗೆ ಒಪ್ಪಿ ಸೆಟಪ್ ಮಾಡಿದ ಪ್ರಿಂಟರ್ ಯಾವಾಗಲೂ ಇಂಟರ್ನೆಟ್‌ನಲ್ಲಿರಬೇಕು, ಒರಿಜಿನಲ್ ಕಾರ್ಟ್ರಿಜ್ ಮಾತ್ರ ಹಾಕಬೇಕು ಎಂಬ ಷರತ್ತಿದೆ. ಆ ಯೋಜನೆಯ ಮಾಡೆಲ್ ಹೆಸರಿನ ಕೊನೆಯಲ್ಲಿ ಸಣ್ಣ e ಅಕ್ಷರ ಇರುತ್ತದೆ. ಕಂಪ್ಯಾಟಿಬಲ್ ಹಾಕುವ ಯೋಚನೆ ಇದ್ದವರು ಪ್ರಿಂಟರ್ ಡಬ್ಬಿ ಮೇಲೆ ಆ ಅಕ್ಷರ ಹುಡುಕಿ.

ಬೀದಿ ಕೊನೆಯ ಅಂಗಡಿಯವರ ಪ್ರಿಂಟರ್ ಬೇರೆಯದೇ ಒಂದು. ಆದರೂ ಪರೀಕ್ಷೆ ಅದೇ ಮಾಡಿದೆವು. ಪ್ರಿಂಟರ್ ಜೊತೆ ಬಂದಿದ್ದ ಒರಿಜಿನಲ್ ಕಪ್ಪು ಕಾರ್ಟ್ರಿಜ್ ಅವರ ಡ್ರಾಯರ್‌ನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಬಿದ್ದಿತ್ತು, ಒಣಗಿ ಖಾಲಿಯಾಗಿ. ಹಾಕಿದೆವು. ಪ್ರಿಂಟರ್ ಬೈಯಲಿಲ್ಲ. "ಇಂಕ್ ಮುಗಿದಿದೆ" ಎಂದಷ್ಟೇ ಹೇಳಿತು. ಅಂಗಡಿಯವರು ಒಂದು ಕ್ಷಣ ನೋಡಿ, "ಖಾಲಿ ಡಬ್ಬಿಗೆ ಮರ್ಯಾದೆ ಕೊಡುತ್ತೆ, ತುಂಬಿದ್ದಕ್ಕೆ ಕೊಡಲ್ಲ" ಎಂದರು. ಎರಡು ವಾರದ ನಂತರ ಮಾರಾಟಗಾರ ಬೇರೆ ಚಿಪ್ ಇರುವ ಸೆಟ್ ಕಳಿಸಿದ. ಈಗ ಅವರು ಪ್ರತಿ ಡಬ್ಬಿಯ ಮೇಲೂ ಸ್ಕೆಚ್ ಪೆನ್ನಿನಲ್ಲಿ ಕೊಂಡ ತಾರೀಕು, ಅದರ ಕೆಳಗೆ ಪ್ರಿಂಟರ್‌ನ ಫರ್ಮ್‌ವೇರ್ ನಂಬರ್ ಬರೆದಿಡುತ್ತಾರೆ.